ಕಣ್ಣು ಕೇಳಿಸಿಕೊಂಡ ‘ದ’

ಪರದೆಯ ಮೇಲೆ ಒಂದು ಮುಖ. ತುಟಿಗಳು ‘ಗ ಗ’ ಎನ್ನುತ್ತಿವೆ. ಅದಕ್ಕೆ ಜೋಡಿಸಿರುವ ಧ್ವನಿ ಮಾತ್ರ ‘ಬ ಬ’ ಎನ್ನುತ್ತಿದೆ. ನೋಡುತ್ತ ಕೇಳಿದರೆ ನನಗೆ ಕೇಳುವುದು ಇವೆರಡೂ ಅಲ್ಲ, ‘ದ ದ’. ಕಣ್ಣು ಮುಚ್ಚಿದರೆ ‘ಬ ಬ’, ತೆರೆದರೆ ಮತ್ತೆ ‘ದ ದ’. ಸಂಶೋಧನೆಗಾಗಿ ಇದನ್ನು ಅದೆಷ್ಟೋ ಸಲ ನೋಡಿದ್ದೇನೆ. ಗುಟ್ಟು ಗೊತ್ತಿದ್ದರೂ ‘ದ’ ಬದಲಾಗುವುದಿಲ್ಲ.

ಹ್ಯಾರಿ ಮೆಕ್‌ಗರ್ಕ್ ಮತ್ತು ಜಾನ್ ಮ್ಯಾಕ್‌ಡೊನಾಲ್ಡ್ 1976ರಲ್ಲಿ ‘ನೇಚರ್’ ಪತ್ರಿಕೆಯಲ್ಲಿ ಇದನ್ನು ವರದಿ ಮಾಡಿದರು. ಅವರ ಪ್ರಯೋಗದಲ್ಲಿ ವಯಸ್ಕರಲ್ಲಿ ಶೇಕಡಾ 98ರಷ್ಟು ಮಂದಿಗೆ ಕೇಳಿದ್ದು ‘ದ’. ಮುಂದಿನ ಅಧ್ಯಯನಗಳಲ್ಲಿ ಈ ಪ್ರಮಾಣ ಇಷ್ಟು ಏಕರೂಪವಾಗಿ ಉಳಿಯಲಿಲ್ಲ. ಕೆಲವರಿಗೆ ಈ ಭ್ರಮೆ ಆಗುವುದೇ ಇಲ್ಲ.

‘ದ’ವೇ ಯಾಕೆ? ನಮ್ಮ ವರ್ಣಮಾಲೆಯನ್ನು ನೆನೆಯಿರಿ. ಕವರ್ಗ ಬಾಯಿಯ ಹಿಂಭಾಗದಲ್ಲಿ ಹುಟ್ಟುತ್ತದೆ, ಪವರ್ಗ ತುಟಿಯಲ್ಲಿ, ತವರ್ಗ ಇವೆರಡರ ನಡುವೆ. ‘ಬ’ ಎನ್ನಲು ತುಟಿ ಮುಚ್ಚಲೇಬೇಕು. ಪರದೆಯ ತುಟಿ ಮುಚ್ಚಲಿಲ್ಲ, ಹಾಗಾಗಿ ಕಣ್ಣು ‘ಬ’ವನ್ನು ಒಪ್ಪುವುದಿಲ್ಲ. ಆದರೆ ಹೊರಗಿನಿಂದ ನೋಡುವವರಿಗೆ ‘ಗ’ ಮತ್ತು ‘ದ’ ಹೆಚ್ಚುಕಡಿಮೆ ಒಂದೇ. ಕಿವಿಗೆ ಬಂದ ಸದ್ದಿಗೆ ‘ಗ’ಕ್ಕಿಂತ ‘ದ’ ಹತ್ತಿರ. ಕಣ್ಣು, ಕಿವಿ ಎರಡೂ ಅಲ್ಲಗಳೆಯದ ಅಕ್ಷರ ಅದೊಂದೇ.

ಜೋಡಣೆಯನ್ನು ತಿರುಗಿಸಿ, ‘ಗ’ ಧ್ವನಿಗೆ ‘ಬ’ ತುಟಿ ಕೊಟ್ಟರೆ ಇಂಥ ರಾಜಿ ಸಾಧ್ಯವಿಲ್ಲ. ಕಣ್ಣೆದುರೇ ಮುಚ್ಚಿದ ತುಟಿಯನ್ನು ಮನಸ್ಸು ಬಿಡಲಾರದು, ಸ್ಪಷ್ಟವಾಗಿ ಕೇಳಿದ ‘ಗ’ವನ್ನೂ ಬಿಡಲಾರದು. ಆಗ ಅನೇಕರಿಗೆ ‘ಗಬ’, ‘ಬಗ’ ಎಂಬಂತೆ ಎರಡೂ ಕೇಳುತ್ತವೆ.

ಹಾಗೆಂದು ತುಟಿ ಎಲ್ಲವನ್ನೂ ಹೇಳುವುದಿಲ್ಲ. ಕನ್ನಡಿಯ ಮುಂದೆ ಸದ್ದು ಮಾಡದೆ ‘ಪಡಿ’, ‘ಬಡಿ’, ‘ಮಡಿ’ ಎಂದು ನೋಡಿ, ಮೂರೂ ಒಂದೇ. ಗಂಟಲಿನ ಕಂಪನವಾಗಲಿ ಮೂಗಿನಿಂದ ಹೊರಡುವ ಉಸಿರಾಗಲಿ ಕಣ್ಣಿಗೆ ಕಾಣದು. ಅವನ್ನು ಕಿವಿಯೇ ಹಿಡಿಯಬೇಕು. ಗದ್ದಲದಲ್ಲಿ ಕಿವಿ ಮೊದಲು ಕಳೆದುಕೊಳ್ಳುವುದು ‘ಬ’ವೋ ‘ದ’ವೋ ಎಂಬ ವ್ಯತ್ಯಾಸವನ್ನು, ಅಂದರೆ ತುಟಿ ಚೆನ್ನಾಗಿ ತೋರಿಸುವುದನ್ನೇ. ಒಂದು ಬಿಟ್ಟದ್ದನ್ನು ಇನ್ನೊಂದು ತುಂಬುತ್ತದೆ. ಎರಡೂ ಬಿಟ್ಟದ್ದನ್ನು ಸಂದರ್ಭ ತುಂಬುತ್ತದೆ: ‘ಬಾಗಿಲು’ ಎಂದ ಮೇಲೆ ಬರುವುದು ‘ಬಡಿ’ಯೇ ಹೊರತು ‘ಮಡಿ’ ಅಲ್ಲ.

ಕಿವಿ ಮಂದವಾದ ಮೇಲೆ ನನ್ನ ಅಜ್ಜಿ ಅಡುಗೆಮನೆಯಿಂದ ಕೂಗುತ್ತಿದ್ದ ಅಮ್ಮನಿಗೆ, “ಗಟ್ಟಿಯಾಗಿ ಹೇಳಬೇಡವೇ, ಈಚೆ ಬಂದು ಹೇಳು” ಎನ್ನುತ್ತಿದ್ದಳು. ಅದನ್ನು ಮನೆಯವರೆಲ್ಲ ಹಟ ಎಂದುಕೊಂಡಿದ್ದರು. ಕೂಗಿದರೆ ಸದ್ದು ಹೆಚ್ಚುತ್ತದೆ, ‘ಬ’ಕ್ಕೂ ‘ದ’ಕ್ಕೂ ಇರುವ ವ್ಯತ್ಯಾಸ ಹೆಚ್ಚಬೇಕೆಂದಿಲ್ಲ. ಅದು ಅವಳಿಗೆ ಸಿಗುತ್ತಿದ್ದದ್ದು ಅಮ್ಮನ ಮುಖದಲ್ಲಿ.