‘ನಂಜನಗೂಡು ಪ್ಲಾಂಟ್’ ಅಂದರೆ ಎಲ್ಲಿ?

ಸೋಮನಾಥಪುರದ ನಮ್ಮ ಗೆಳತಿಗೆ ಆ ಇಮೇಲ್ ಬಂದದ್ದು ಒಂದು ಶುಕ್ರವಾರ ಸಂಜೆ. ಬಿ.ಎಸ್ಸಿ. ಮುಗಿಸಿ ಮನೆಯಲ್ಲಿದ್ದಳು. ಕಾರ್ಖಾನೆಯೊಂದರ ಲ್ಯಾಬ್ ಸಹಾಯಕಿ ಕೆಲಸಕ್ಕೆ ಅರ್ಜಿ ಹಾಕಿದ್ದಳು. ಇಂಗ್ಲಿಷಿನ ಆ ಇಮೇಲಿನ ಒಟ್ಟು ಸಾರ ಇಷ್ಟೇ: ನೀವು ಆಯ್ಕೆಪಟ್ಟಿಯಲ್ಲಿದ್ದೀರಿ, ಸೋಮವಾರ 10.30ಕ್ಕೆ ನಮ್ಮ ನಂಜನಗೂಡು ಪ್ಲಾಂಟಿಗೆ ಬನ್ನಿ, ಎಲ್ಲ ಮೂಲ ದಾಖಲೆ ತನ್ನಿ, ಸಂಶಯವಿದ್ದರೆ ಎಚ್.ಆರ್. ವಿಭಾಗವನ್ನು ಸಂಪರ್ಕಿಸಿ. ಕೆಳಗೆ ಕಂಪನಿಯ ಹೆಸರು. ಫೋನ್ ನಂಬರ್ ಇರಲಿಲ್ಲ.

ಆವತ್ತು ನಾವೆಲ್ಲ ಅದನ್ನು ಓದಿ ಖುಷಿಪಟ್ಟೆವೇ ಹೊರತು, ಅದರಲ್ಲಿ ಏನಿಲ್ಲ ಅನ್ನುವುದು ಒಬ್ಬರಿಗೂ ಹೊಳೆಯಲಿಲ್ಲ. ಐದು ‘ಡಬ್ಲ್ಯು’ಗಳನ್ನು ಮೂರು ವರ್ಷ ಬಾಯಿಪಾಠ ಮಾಡಿದವರು ನಾವು.

ಸೋಮವಾರ ಬೆಳಗ್ಗೆ ಅವಳು ತಿ. ನರಸೀಪುರಕ್ಕೆ ಒಂದು ಬಸ್ಸು, ಅಲ್ಲಿಂದ ನಂಜನಗೂಡಿಗೆ ಇನ್ನೊಂದು ಹಿಡಿದಳು. ಹತ್ತು ಗಂಟೆಗೆಲ್ಲ ನಂಜನಗೂಡು ಬಸ್ ಸ್ಟ್ಯಾಂಡಿನಲ್ಲಿ ಇಳಿದು ಆಟೋದವರನ್ನು ಕೇಳಿದರೆ, ‘ಅದು ಇಲ್ಲೆಲ್ಲಿದ್ದದು ಕಣಮ್ಮ, ತಾಂಡವಪುರದ ತಾವ ಅಲ್ವಾ’ ಅಂದರಂತೆ. ತಾಂಡವಪುರ ಊಟಿ ರಸ್ತೆಯಲ್ಲಿ ಮೈಸೂರಿನ ಕಡೆಗಿದೆ. ಮೈಸೂರಿಂದ ಬರುವವರಿಗೆ ನಂಜನಗೂಡು ಊರಿಗಿಂತ ಮೊದಲೇ ಸಿಗುತ್ತದೆ. ರೈಲಿನಲ್ಲಿ ಬಂದರೂ ಕಡಕೊಳ ದಾಟಿದ ಮೇಲೆ ತಾಂಡವಪುರ, ಆಮೇಲೆ ನಂಜನಗೂಡು. ಆ ಕಡೆಯ ಕಾರ್ಖಾನೆಗಳು ವಿಳಾಸದಲ್ಲಿ ನಂಜನಗೂಡು ತಾಲ್ಲೂಕು ಅಂತಲೇ ಬರೆಯುತ್ತವೆ, ಅದು ಸುಳ್ಳೂ ಅಲ್ಲ. ಮೈಸೂರಿನ ಕಚೇರಿಯಲ್ಲಿ ಕೂತು ಇಮೇಲ್ ಬರೆದವರಿಗೆ ‘ನಂಜನಗೂಡು ಪ್ಲಾಂಟ್’ ಅಂದರೆ ಸಾಕು, ಅವರು ದಿನಾ ಕಂಪನಿ ಬಸ್ಸಿನಲ್ಲೋ ಕಾರಿನಲ್ಲೋ ಹೋಗುತ್ತಾರೆ. ನರಸೀಪುರದ ಕಡೆಯಿಂದ ಬರುವವಳಿಗೆ ಆ ಎರಡು ಪದ ತಪ್ಪು ಬಸ್ ಸ್ಟ್ಯಾಂಡ್ ತೋರಿಸುತ್ತವೆ. ನಾವೇನೂ ಕಮ್ಮಿಯಿಲ್ಲ. ಕೇಶವ ದೇವಸ್ಥಾನಕ್ಕೆ ಬರುವ ಪ್ರವಾಸಿಗರು ದಾರಿ ಕೇಳಿದರೆ ‘ಅಲ್ಲೇ ಮುಂದೆ’ ಅಂತ ಕೈ ತೋರಿಸಿ ಬಿಡುವವರೇ.

ವಾಪಸ್ ಮೈಸೂರು ಬಸ್ ಹತ್ತಿ, ಇಳಿದು, ನಡೆದು ಗೇಟು ಮುಟ್ಟುವಾಗ ಹನ್ನೊಂದೂವರೆ. ಸೆಕ್ಯುರಿಟಿಯವರು ‘ಯಾರನ್ನ ನೋಡ್ಬೇಕು?’ ಅಂದರು. ಹೆಸರು ಗೊತ್ತಿಲ್ಲ. ಎಚ್.ಆರ್. ಅಂದಳು. ಎಚ್.ಆರ್.ನಲ್ಲಿ ಯಾರು ಅಂದರು. ಒಳಗೆ ಫೋನ್ ಮಾಡಿ ವಿಚಾರಿಸಿ ಪಾಸ್ ಬರೆದುಕೊಡುವಷ್ಟರಲ್ಲಿ ಇನ್ನೂ ಇಪ್ಪತ್ತು ನಿಮಿಷ. ಮೊಬೈಲನ್ನು ಗೇಟಿನಲ್ಲೇ ಇಡಿಸಿಕೊಂಡರು. ಲಿಖಿತ ಪರೀಕ್ಷೆ ಮುಗಿದಿತ್ತು. ಪರೀಕ್ಷೆ ಇದೆ ಅನ್ನುವುದೇ ಅವಳಿಗೆ ಆಗ ತಿಳಿದದ್ದು. ಆದರೂ ಪಾಪ, ಕೊನೆಯಲ್ಲಿ ಕೂರಿಸಿ ಮಾತಾಡಿಸಿದರು. ಪ್ರೊವಿಷನಲ್ ಡಿಗ್ರಿ ಸರ್ಟಿಫಿಕೇಟ್ ಕೇಳಿದರು. ಅದನ್ನು ಅವಳು ಕಾಲೇಜಿನಿಂದ ಇನ್ನೂ ತಂದೇ ಇರಲಿಲ್ಲ. ಎಲ್ಲ ದಾಖಲೆ ಅಂದರೆ ಎಲ್ಲ ಮಾರ್ಕ್ಸ್ ಕಾರ್ಡ್ ಅಂದುಕೊಂಡಿದ್ದಳು. ಕೆಲಸ ಸಿಗಲಿಲ್ಲ. ಸರಿಯಾದ ಹೊತ್ತಿಗೆ ಹೋಗಿದ್ದರೆ ಸಿಗುತ್ತಿತ್ತು ಅಂತ ನಾವು ಹೇಳುವುದಿಲ್ಲ, ಅದು ಗೊತ್ತಾಗುವ ಅವಕಾಶವೇ ಬರಲಿಲ್ಲ.

ಇದನ್ನು ಈಗ ಬರೆಯಲು ಕಾರಣವಿದೆ. ನಮ್ಮಲ್ಲೊಬ್ಬ ಬೇರೊಂದು ಕಾರ್ಖಾನೆಯ ಎಚ್.ಆರ್. ವಿಭಾಗ ಸೇರಿದ್ದಾನೆ (ಪತ್ರಿಕೋದ್ಯಮ ಓದಿ ಅಲ್ಲಿಗೆ ಹೋದವರಲ್ಲಿ ಇವನೇ ಮೊದಲಲ್ಲ). ಸಂದರ್ಶನಕ್ಕೆ ಕರೆಯುವ ಇಮೇಲ್ ಬರೆಯುವ ಕೆಲಸ ಅವನ ಪಾಲಿಗೆ ಬಂತು. ಹಳೆಯ ನಮೂನೆ ತೆಗೆದು ನೋಡಿದರೆ ಗೆಳತಿಗೆ ಬಂದದ್ದಕ್ಕೂ ಅದಕ್ಕೂ ಹೆಚ್ಚು ವ್ಯತ್ಯಾಸವಿಲ್ಲ. ಒಂದು ಭಾನುವಾರ ಅವಳ ಮನೆ ಜಗಲಿಯಲ್ಲೇ ಕೂತು ಹೊಸದಾಗಿ ಬರೆದೆವು. ಅವಳು ಆ ದಿನ ಎಲ್ಲೆಲ್ಲಿ ನಿಂತು ಯಾರನ್ನು ಏನು ಕೇಳಿದಳೋ, ಅಲ್ಲೆಲ್ಲ ಒಂದೊಂದು ಸಾಲು ಹುಟ್ಟಿತು.

ಮೊದಲು ವಿಷಯದ ಸಾಲು. ಮೊಬೈಲಿನಲ್ಲಿ ಅದರ ಆರಂಭದ ಕೆಲವೇ ಪದ ಕಾಣುತ್ತವೆ, ಆ ಜಾಗವನ್ನು ಕಂಪನಿಯ ಉದ್ದ ಹೆಸರೇ ನುಂಗುತ್ತಿತ್ತು. ‘ಸಂದರ್ಶನ: 8 ಜುಲೈ, ಬೆಳಗ್ಗೆ 9.45, ತಾಂಡವಪುರ’ ಎಂದು ಬದಲಿಸಿದೆವು. ಹಳೆಯ ನಮೂನೆಯಲ್ಲಿ ದಿನಾಂಕ 08/07 ಎಂದಿತ್ತು. ಓದುವವರು ಅದನ್ನು ಆಗಸ್ಟ್ 7 ಎಂದೂ ತಿಳಿಯಬಹುದು, ತಿಂಗಳನ್ನು ಮೊದಲು ಹಾಕುವ ಸಾಫ್ಟ್‌ವೇರ್‌ಗಳಿವೆ. ತಿಂಗಳ ಹೆಸರು, ಜೊತೆಗೆ ವಾರ ಬರೆದರೆ ಗೊಂದಲವಿಲ್ಲ. ಬರೆಯುವವರೇ ತಪ್ಪಿದ್ದರೂ ವಾರ ತಾಳೆಯಾಗದೆ ಸಿಕ್ಕಿಬೀಳುತ್ತದೆ.

ಸಮಯದ ಬಗ್ಗೆ ಗೆಳೆಯನೊಂದಿಗೆ ಜಗಳವೇ ಆಯಿತು. 10.30 ಅಂದರೆ ಪರೀಕ್ಷೆ ಶುರುವಾಗುವ ಹೊತ್ತು ಅಂತ ಅವನು, ಗೇಟಿಗೆ ಬರುವ ಹೊತ್ತು ಅಂತ ಗೆಳತಿ. ಕೊನೆಗೆ ಎರಡನ್ನೂ ಬರೆದೆವು. ದಾಖಲೆಗಳಿಗೆ ಬಂದಾಗ ‘ಎಲ್ಲ’ ಎಂಬ ಪದವನ್ನೇ ಕಿತ್ತುಹಾಕಿದೆವು. ಮೂಲ ಯಾವುದು, ಜೆರಾಕ್ಸ್ ಯಾವುದು, ಕೈಯಲ್ಲಿಲ್ಲದಿದ್ದರೆ ಏನು ಮಾಡಬೇಕು ಅಂತ ಹೇಳಬೇಕು. ಎಸ್ಸೆಸ್ಸೆಲ್ಸಿ ಮಾರ್ಕ್ಸ್ ಕಾರ್ಡನ್ನು ಜನ್ಮದಿನಾಂಕಕ್ಕೆ ಕೇಳುತ್ತಾರೆ. ಅದರಲ್ಲೊಂದು ಇನಿಷಿಯಲ್, ಆಧಾರಿನಲ್ಲಿ ಇನ್ನೊಂದು ಇರುವುದು ನಮ್ಮೂರುಗಳಲ್ಲಿ ಮಾಮೂಲು. ಅದಕ್ಕೂ ಒಂದು ಸಾಲು ಕೊಟ್ಟೆವು. ಬರೆದದ್ದು ಹೀಗೆ:

‘8 ಜುಲೈ 2025, ಮಂಗಳವಾರ ಬೆಳಗ್ಗೆ 9.45ಕ್ಕೆ ಕಾರ್ಖಾನೆಯ ಮುಖ್ಯ ಗೇಟಿಗೆ ಬನ್ನಿ. ಪಾಸ್ ಮಾಡಿಸಲು ಅರ್ಧ ಗಂಟೆ ಹಿಡಿಯುತ್ತದೆ. 10.30ಕ್ಕೆ 45 ನಿಮಿಷದ ಲಿಖಿತ ಪರೀಕ್ಷೆ, ನಂತರ ಸಂದರ್ಶನ.

ಕಾರ್ಖಾನೆ ತಾಂಡವಪುರದ ಬಳಿಯಿದೆ, ನಂಜನಗೂಡು ಊರಿನಲ್ಲಿ ಅಲ್ಲ. ಮೈಸೂರಿನಿಂದ ಬರುವವರು ನಂಜನಗೂಡು ಬಸ್ ಹತ್ತಿ ತಾಂಡವಪುರದಲ್ಲಿ ಇಳಿಯಿರಿ. ತಿ. ನರಸೀಪುರದ ಕಡೆಯಿಂದ ನಂಜನಗೂಡಿಗೆ ಬರುವವರು ಅಲ್ಲಿ ಮೈಸೂರು ಬಸ್ ಹತ್ತಿ ತಾಂಡವಪುರದಲ್ಲಿ ಇಳಿಯಿರಿ. ಮ್ಯಾಪ್ ಕೊಂಡಿ ಕೆಳಗಿದೆ.

ಮೂಲ ಮತ್ತು ಒಂದೊಂದು ಜೆರಾಕ್ಸ್: ಎಸ್ಸೆಸ್ಸೆಲ್ಸಿ, ಪಿಯುಸಿ, ಪದವಿಯ ಎಲ್ಲ ಸೆಮಿಸ್ಟರಿನ ಅಂಕಪಟ್ಟಿ, ಪ್ರೊವಿಷನಲ್ ಡಿಗ್ರಿ ಸರ್ಟಿಫಿಕೇಟ್, ಆಧಾರ್. ಜೊತೆಗೆ ಎರಡು ಫೋಟೋ. ಮೂಲವನ್ನು ನೋಡಿ ಅಲ್ಲೇ ವಾಪಸ್ ಕೊಡುತ್ತೇವೆ. ಯಾವುದಾದರೂ ಇನ್ನೂ ಸಿಕ್ಕಿಲ್ಲದಿದ್ದರೆ, ಅಥವಾ ದಾಖಲೆಗಳಲ್ಲಿ ಹೆಸರು ಬೇರೆಬೇರೆ ಇದ್ದರೆ, ಬರುವುದನ್ನು ನಿಲ್ಲಿಸಬೇಡಿ. ಮೊದಲೇ ತಿಳಿಸಿ.

ಸಂಪರ್ಕಿಸಬೇಕಾದವರ ಹೆಸರು, ಹುದ್ದೆ, ಫೋನ್ ನಂಬರ್ ಕೆಳಗಿವೆ. ಸೋಮವಾರದಿಂದ ಶನಿವಾರ, 9.30ರಿಂದ 5.30ರವರೆಗೆ ಕರೆ ಮಾಡಬಹುದು. ಗೇಟಿನಲ್ಲಿ ಇದೇ ಹೆಸರು ಹೇಳಿ. ಮೊಬೈಲ್ ಗೇಟಿನಲ್ಲಿ ಇಡಬೇಕಾಗುತ್ತದೆ, ನಂಬರನ್ನು ಚೀಟಿಯಲ್ಲಿ ಬರೆದುಕೊಳ್ಳಿ. ಸಂದರ್ಶನಕ್ಕೆ ಯಾವ ಶುಲ್ಕವೂ ಇಲ್ಲ.’

ಕೊನೆಯ ವಾಕ್ಯ ಗೆಳೆಯನದು. ಕೆಲಸ ಕೊಡಿಸುವುದಾಗಿ ಕಂಪನಿ ಹೆಸರಿನಲ್ಲಿ ಇಮೇಲ್ ಕಳಿಸಿ ‘ನೋಂದಣಿ ಶುಲ್ಕ’ ಕೇಳುವವರಿದ್ದಾರೆ. ನಿಜವಾದ ಇಮೇಲಿನಲ್ಲೇ ಹಣ ಬೇಡ ಅಂತ ಇದ್ದರೆ, ಮಾರನೇ ದಿನ ಯಾರಾದರೂ ಕರೆ ಮಾಡಿ ಐನೂರು ಕೇಳಿದಾಗ ಹುಡುಗರಿಗೆ ಅನುಮಾನ ಬರುತ್ತದೆ. ಹಣ ಹೋಗೇಬಿಟ್ಟಿದ್ದರೆ 1930ಕ್ಕೆ ತಕ್ಷಣ ಕರೆ ಮಾಡಬೇಕು, ತಡವಾದಷ್ಟೂ ತಡೆಹಿಡಿಯುವುದು ಕಷ್ಟ.

ಇಷ್ಟನ್ನೂ ಪಿಡಿಎಫ್ ಮಾಡಿ ಲಗತ್ತಿಸುವ ಯೋಚನೆ ಅವನಿಗಿತ್ತು. ಬೇಡ ಅಂದೆವು, ನೆಟ್‌ವರ್ಕ್ ಕೈಕೊಟ್ಟರೆ ಬಸ್ಸಿನಲ್ಲಿ ಅದು ತೆರೆಯುವುದಿಲ್ಲ. ಸೋಮವಾರದ ಸಂದರ್ಶನಕ್ಕೆ ಶುಕ್ರವಾರ ಸಂಜೆ ಕಳಿಸುವುದೂ ನಿಲ್ಲಬೇಕು ಅಂದೆವು. ಕಾಲೇಜಿಗೆ ಹೋಗಿ ಸರ್ಟಿಫಿಕೇಟ್ ತರಲು ನಾಲ್ಕು ಕೆಲಸದ ದಿನವಾದರೂ ಬೇಕು. ಅದು ಅವನ ಕೈಯಲ್ಲಿಲ್ಲವಂತೆ. ದಿನ ಗೊತ್ತುಮಾಡುವುದು ಮ್ಯಾನೇಜರು, ಅವರೇ ಕೆಲವು ಸಲ ಶುಕ್ರವಾರ ಮಧ್ಯಾಹ್ನ ಹೇಳುತ್ತಾರೆ. ಹಾಗಾದಾಗ ಇಮೇಲ್ ಕಳಿಸಿ ಸುಮ್ಮನಾಗದೆ ಒಬ್ಬೊಬ್ಬರಿಗೂ ಫೋನ್ ಮಾಡುತ್ತೇನೆ ಅಂತ ಒಪ್ಪಿಕೊಂಡ.

ಎಲ್ಲ ಆದ ಮೇಲೆ ಗೆಳತಿಯ ಕೈಗೆ ಕೊಟ್ಟೆವು. ನಿಧಾನವಾಗಿ ಎರಡು ಸಲ ಓದಿದಳು. ‘ಮುಗಿಯೋದು ಎಷ್ಟೊತ್ತಿಗೆ ಅಂತ ಹಾಕಿಲ್ವಲ್ಲೋ. ನಮ್ಮಪ್ಪ ಮೊದಲು ಕೇಳೋದೇ ಅದನ್ನ. ನರಸೀಪುರದಿಂದ ಸಂಜೆ ಬಸ್ಸು ತಪ್ಪಿದ್ರೆ ನಾನೇನು ಮಾಡ್ಲಿ?’

ಗೆಳೆಯ ಪೆನ್ನು ತೆಗೆದು ಲಿಖಿತ ಪರೀಕ್ಷೆಯ ಸಾಲಿನ ಮುಂದೆ ಸೇರಿಸಿದ: ‘ಮಧ್ಯಾಹ್ನ 3 ಗಂಟೆಯೊಳಗೆ ಮುಗಿಯುತ್ತದೆ. ದೂರದಿಂದ ಬರುವವರು ಬೆಳಗ್ಗೆ ಗೇಟಿನಲ್ಲೇ ಹೇಳಿದರೆ ಮೊದಲು ಕರೆಯುತ್ತೇವೆ. ಊಟ ಕ್ಯಾಂಟೀನಿನಲ್ಲಿದೆ.’