ಕರಾರು ಪತ್ರದ ಎರಡು ಸಾಲು

ಒಳಬಾಡಿಗೆಗೆ ಕೊಡುವುದನ್ನು ಕಾನೂನೇ ನಿಷೇಧಿಸಿದೆ ಎಂದು ನಮ್ಮ ಬಸವೇಶ್ವರನಗರದ ಮಾಲೀಕರೆಲ್ಲ ನಂಬಿದ್ದಾರೆ. ತಿಂಗಳ ಬಾಡಿಗೆ 3,500 ರೂಪಾಯಿ ದಾಟಿದ ಬೆಂಗಳೂರಿನ ಮನೆಗಳಿಗೆ 1999ರ ಕರ್ನಾಟಕ ಬಾಡಿಗೆ ಕಾಯ್ದೆ ಅನ್ವಯಿಸುವುದಿಲ್ಲ. ಅಂದರೆ ಇಲ್ಲಿನ ಹೆಚ್ಚುಕಡಿಮೆ ಎಲ್ಲ ಮನೆಗಳೂ 1882ರ ಸ್ವತ್ತು ವರ್ಗಾವಣೆ ಕಾಯ್ದೆಯ ಲೆಕ್ಕಕ್ಕೆ ಬರುತ್ತವೆ. ಅದರ 108ನೇ ಕಲಮಿನ ಪ್ರಕಾರ, ಕರಾರಿನಲ್ಲಿ ಬೇಡವೆಂದು ಬರೆಯದಿದ್ದರೆ ಬಾಡಿಗೆದಾರ ಮನೆಯನ್ನು ಒಳಬಾಡಿಗೆಗೆ ಕೊಡಬಹುದು! ಆ ಹಕ್ಕನ್ನು ಕಿತ್ತುಕೊಳ್ಳುವುದು ಛಾಪಾ ಕಾಗದದ ಮೇಲಿನ ಒಂದು ಸಾಲು.

ನಮ್ಮ ಮೊದಲ ಮಹಡಿಯನ್ನು ಅಮ್ಮ 16,000ಕ್ಕೆ ಹಾವೇರಿ ಕಡೆಯ ಹುಡುಗನೊಬ್ಬನಿಗೆ ಕೊಟ್ಟಿದ್ದಳು. ನಾಲ್ಕನೇ ತಿಂಗಳು ಅವನ ಗೆಳೆಯ ಹಾಸಿಗೆ ಹೊತ್ತು ಬಂದವನು ಹೋಗಲೇ ಇಲ್ಲ. ಬಾಡಿಗೆಯಲ್ಲಿ ಅರ್ಧ ಅವನದೇ ಎಂದು ತಿಳಿದಾಗ ಅಮ್ಮ, "ಇದು ಸಬ್‌ಲೆಟ್ ಅಲ್ಲದೆ ಇನ್ನೇನು? ಖಾಲಿ ಮಾಡಿಸು" ಎಂದಳು.

ಕರಾರಿನಲ್ಲಿ ಎರಡು ಸಾಲುಗಳಿದ್ದವು. ಮನೆಯನ್ನಾಗಲೀ ಅದರ ಭಾಗವನ್ನಾಗಲೀ ಲಿಖಿತ ಒಪ್ಪಿಗೆಯಿಲ್ಲದೆ ಒಳಬಾಡಿಗೆಗೆ ಕೊಡಬಾರದು, ಸ್ವಾಧೀನ ಬಿಟ್ಟುಕೊಡಬಾರದು ಎನ್ನುವುದು ಮೊದಲನೆಯದು. ಬಾಡಿಗೆದಾರನ ಹೊರತು ಬೇರೆ ಯಾರೂ ವಾಸಿಸಬಾರದು ಎನ್ನುವುದು ಎರಡನೆಯದು. ಅಮ್ಮನಿಗೆ ಇವೆರಡೂ ಒಂದೇ. ಕೋರ್ಟಿಗೆ ಅಲ್ಲ. ಒಳಬಾಡಿಗೆ ಎನ್ನಲು ಹಣ ಕೈ ಬದಲಾದರೆ ಸಾಲದು, ಸ್ವಾಧೀನವೂ ಬದಲಾಗಬೇಕು ಎಂದು ಸುಪ್ರೀಂ ಕೋರ್ಟ್ ಮತ್ತೆ ಮತ್ತೆ ಹೇಳಿದೆ. ಇಲ್ಲಿ ಹುಡುಗ ಅದೇ ಮನೆಯಲ್ಲಿದ್ದ, ಕೋಣೆಗಳೆಲ್ಲ ಇಬ್ಬರಿಗೂ ತೆರೆದಿದ್ದವು. ಗೆಳೆಯ ಒಂದು ಕೋಣೆಗೆ ತನ್ನದೇ ಬೀಗ ಹಾಕಿಕೊಂಡಿದ್ದರೆ, ಅಥವಾ ಹುಡುಗ ಮನೆ ಅವನಿಗೆ ಬಿಟ್ಟು ಊರಿಗೆ ಹೋಗಿದ್ದರೆ ಮಾತು ಬೇರೆ. ಹಾಗಾಗಿ ನನ್ನ ಲೆಕ್ಕದಲ್ಲಿ ಮುರಿದದ್ದು ಎರಡನೇ ಸಾಲು ಮಾತ್ರ.

ಯಾವುದು ಮುರಿದರೇನು ಎನ್ನಬೇಡಿ. ಷರತ್ತು ಮುರಿದರೆ ಮಾಲೀಕರು ಮನೆ ಹಿಂಪಡೆಯಬಹುದು ಎಂದು ನಮ್ಮ ಕರಾರಿನಲ್ಲಿತ್ತು. ಹಾಗಿದ್ದರೂ, ಸರಿಪಡಿಸಬಹುದಾದ ತಪ್ಪಾದರೆ ಮೊದಲು ನೋಟಿಸು ಕೊಟ್ಟು ಸರಿಪಡಿಸಲು ಸಮಯ ಕೊಡಬೇಕೆನ್ನುತ್ತದೆ ಕಾಯ್ದೆಯ 114ಎ ಕಲಂ. ಆದರೆ ಒಳಬಾಡಿಗೆ, ಸ್ವಾಧೀನ ಬಿಟ್ಟುಕೊಡುವುದು, ಬಾಡಿಗೆ ಬಾಕಿ ಇವುಗಳ ಷರತ್ತಿಗೆ ಆ ಕಲಮಿನ ರಕ್ಷಣೆಯಿಲ್ಲ. ಮೊದಲ ಸಾಲು ಮುರಿದವನಿಗೆ ತಿದ್ದಿಕೊಳ್ಳಲು ಗಡುವು ಕೊಡಬೇಕಾಗಿಲ್ಲ. ಎರಡನೆಯದನ್ನು ಮುರಿದವನಿಗೆ ಗೆಳೆಯನನ್ನು ಕಳಿಸಿ ಉಳಿದುಕೊಳ್ಳುವ ಅವಕಾಶವಿದೆ.

ಇನ್ನೊಂದು ತೊಡಕು ಅಮ್ಮನದೇ. ವಿಷಯ ಗೊತ್ತಾದ ಮೇಲೂ ಎರಡು ತಿಂಗಳ ಬಾಡಿಗೆಯನ್ನು ತಕರಾರಿಲ್ಲದೆ ತೆಗೆದುಕೊಂಡಿದ್ದಳು. ತಿಳಿದೂ ಬಾಡಿಗೆ ಪಡೆದರೆ ಆ ತಪ್ಪನ್ನು ಮನ್ನಿಸಿದಂತೆ ಎನ್ನುತ್ತದೆ 112ನೇ ಕಲಂ. "ದುಡ್ಡು ಬಂದದ್ದು ನನ್ನ ಅಕೌಂಟಿಗೆ, ನಾನೇನು ಕೈಯೊಡ್ಡಿದೆನಾ?" ಎಂದು ಅವಳು ವಾದಿಸಿದಳು. ವಾದ ಚೆನ್ನಾಗಿತ್ತು, ಆದರೆ ವಾಪಸು ಕಳಿಸಿರಲಿಲ್ಲವಲ್ಲ.

ಕೊನೆಗೆ ಒಂದು ಹಾಳೆಯ ಒಪ್ಪಿಗೆ ಪತ್ರ ಬರೆದೆ: ಗೆಳೆಯನ ಹೆಸರು, ಆಧಾರ್ ಪ್ರತಿ, ಕರಾರು ಮುಗಿಯುವ ದಿನದವರೆಗೆ ಮಾತ್ರ ವಾಸ, ಅವನಿಗೆ ಪ್ರತ್ಯೇಕ ಬಾಡಿಗೆ ಹಕ್ಕಿಲ್ಲ, ಪೂರ್ತಿ ಬಾಡಿಗೆಯ ಹೊಣೆ ಮೊದಲ ಹುಡುಗನದೇ. ನೀರಿನ ಬಿಲ್ಲಿನ ಸಾಲನ್ನು ಅಮ್ಮ ತಾನೇ ಸೇರಿಸಿದಳು.