ಯಾರ ನೆನಪು, ಯಾವ ಕಾಲ: ‘ಪರ್ವ’ವನ್ನು ಓದಿ ಹೇಳಿದ ಅನುಭವ

ಎಸ್.ಎಲ್. ಭೈರಪ್ಪನವರ ‘ಪರ್ವ’ 1979ರಲ್ಲಿ ಪ್ರಕಟವಾಯಿತು. ಅದರ ವಸ್ತು ಮಹಾಭಾರತ. ನಮ್ಮಲ್ಲಿ ಅಕ್ಷರ ಬಾರದವರಿಗೂ ತಿಳಿದಿರುವ ಕಥೆ. ಆದರೂ ಆ ಕಾದಂಬರಿಯನ್ನು ಕೈಗೆತ್ತಿಕೊಂಡು ನಡುವೆಯೇ ನಿಲ್ಲಿಸಿದ ಓದುಗರನ್ನು ನಾನು ಸಾಕಷ್ಟು ಕಂಡಿದ್ದೇನೆ. ಅವರು ಹೇಳುವ ಕಾರಣ ಹೆಚ್ಚುಕಡಿಮೆ ಒಂದೇ: ಕಥೆ ಗೊತ್ತು, ಆದರೆ ಓದುತ್ತಿರುವ ಪುಟ ಆ ಕಥೆಯ ಯಾವ ಕಾಲದಲ್ಲಿದೆ ಎಂಬುದು ಗೊತ್ತಾಗುವುದಿಲ್ಲ.

ಈ ತೊಡಕಿನ ಮೂಲ ಕಾದಂಬರಿಯ ಕಟ್ಟಡದಲ್ಲಿಯೇ ಇದೆ. ‘ಪರ್ವ’ ಶಂತನುವಿನಿಂದಲೋ ಪಾಂಡುವಿನಿಂದಲೋ ಆರಂಭವಾಗುವುದಿಲ್ಲ. ಅದು ತೆರೆದುಕೊಳ್ಳುವುದು ಮದ್ರದೇಶದಲ್ಲಿ, ಮುದುಕನಾದ ಶಲ್ಯನ ಅರಮನೆಯಲ್ಲಿ. ಆ ವೇಳೆಗೆ ಪಾಂಡವರ ವನವಾಸವೂ ಅಜ್ಞಾತವಾಸವೂ ಮುಗಿದಿವೆ, ಎರಡೂ ಪಕ್ಷದವರು ಬಲ ಕೂಡಿಸುತ್ತಿದ್ದಾರೆ. ಅಲ್ಲಿಂದ ಮುಂದೆ ಲೇಖಕರು ನಮ್ಮನ್ನು ಒಬ್ಬೊಬ್ಬರ ಮನಸ್ಸಿನೊಳಗೆ ಇಳಿಸುತ್ತಾರೆ. ಕುಂತಿ, ಭೀಮ, ದ್ರೌಪದಿ, ಸಾತ್ಯಕಿ, ಭೀಷ್ಮ, ಕರ್ಣ, ಹೀಗೆ. ಹೊರಗೆ ನಡೆಯುವ ಸಂಗತಿ ಸ್ವಲ್ಪ. ಒಳಗೆ ನೆನಪಾಗುವುದು ಬಹಳ. ಭಾರತದ ಬಹುಪಾಲು ಕಥೆ ನಮಗೆ ದೊರೆಯುವುದು ಹೀಗೆ ಚೂರುಚೂರಾಗಿ, ನೆನಪಿನ ಸರದಿಯಲ್ಲಿಯೇ ಹೊರತು ಕಾಲದ ಸರದಿಯಲ್ಲಲ್ಲ.

ಹಿಂದುಮುಂದಾದ ಕಾಲ ಕನ್ನಡದ ಓದುಗನಿಗೆ ಹೊಸದೇನಲ್ಲ. ಪಂಪನ ‘ಆದಿಪುರಾಣ’ದಲ್ಲಿ ಶ್ರೀಮತಿಗೆ ಜಾತಿಸ್ಮರಣೆಯಾಗುತ್ತದೆ. ಹಿಂದಿನ ಭವದಲ್ಲಿ ತಾನು ಸ್ವಯಂಪ್ರಭೆಯಾಗಿದ್ದುದೂ ಲಲಿತಾಂಗನನ್ನು ಅಗಲಿದುದೂ ಅವಳಿಗೆ ಹೊಳೆಯುತ್ತವೆ. ಆ ಹಿಂದಣ ವೃತ್ತಾಂತವನ್ನು ಚಿತ್ರಿಸಿದ ಪಟವೊಂದನ್ನು ಜಿನಾಲಯದಲ್ಲಿ ತೋರಿಸಲಾಗುತ್ತದೆ. ಅದನ್ನು ಕಂಡು ತನ್ನ ಹಿಂದಿನ ಭವವನ್ನು ಗುರುತಿಸುವವನು ವಜ್ರಜಂಘ. ಅಲ್ಲಿಯೂ ಭವಗಳು ಒಂದರೊಳಗೊಂದು ಹೆಣೆದಿವೆ. ಆದರೆ ಪುರಾಣದಲ್ಲಿ ಅವನ್ನು ಬಿಡಿಸಿ ಹೇಳಲು ಅವಧಿಜ್ಞಾನಿಗಳಾದ ಮುನಿಗಳಿದ್ದಾರೆ. ಈ ಭವ ಯಾವುದು, ಇದರ ಹಿಂದಿನದು ಯಾವುದು ಎಂದು ಅವರು ಹೇಳಿದರೆ ಅದರಲ್ಲಿ ಸಂದೇಹಕ್ಕೆ ಎಡೆಯಿಲ್ಲ. ‘ಪರ್ವ’ದಲ್ಲಿ ಅಂತಹ ಜ್ಞಾನಿ ಯಾರೂ ಇಲ್ಲ. ನೆನೆಯುವವರೆಲ್ಲರೂ ರಾಗದ್ವೇಷಗಳಲ್ಲಿ ಸಿಕ್ಕಿಕೊಂಡವರೇ. ಕಾಲವನ್ನು ಜೋಡಿಸುವ ಹೊಣೆ ಓದುಗನ ಹೆಗಲಿಗೆ ಬೀಳುತ್ತದೆ.

ಆ ಹೊಣೆಯ ಭಾರ ನನಗೆ ಸ್ಪಷ್ಟವಾಗಿ ತಿಳಿದದ್ದು ಆರ್.ಟಿ. ನಗರದ ನಮ್ಮ ಬೀದಿಯ ನಿವೃತ್ತ ಉಪಾಧ್ಯಾಯಿನಿಯೊಬ್ಬರಿಗೆ ಈ ಕಾದಂಬರಿಯನ್ನು ಓದಿ ಹೇಳಿದಾಗ. ಅವರಿಗೆ ದೃಷ್ಟಿ ಮಂದವಾಗಿತ್ತು. ಹಿಂದೊಮ್ಮೆ ಅರ್ಧಕ್ಕೆ ಬಿಟ್ಟ ಪುಸ್ತಕವನ್ನು ಮುಗಿಸಿಯೇ ತೀರಬೇಕೆಂಬುದು ಅವರ ಹಟ. ಸಂಜೆ ಒಂದು ಗಂಟೆ ನಾನು ಓದುವುದು, ಅವರು ಕೇಳುವುದು ಎಂದಾಯಿತು. ಕಣ್ಣಿನಿಂದ ಓದುವವನು ಗೊಂದಲವಾದರೆ ನಾಲ್ಕು ಪುಟ ಹಿಂದಕ್ಕೆ ಹೋಗಬಲ್ಲ. ಕಿವಿಯಿಂದ ಕೇಳುವವರಿಗೆ ಆ ಅನುಕೂಲವಿಲ್ಲ. “ತಡೀರಿ, ಇದು ಈಗಿನದೋ ಆಗಿನದೋ?” ಎಂದು ಅವರು ಕೇಳುತ್ತಿದ್ದರು. ಉತ್ತರ ಕೊಡಬೇಕಾದರೆ ನಾನು ಪ್ರತಿ ಸಂಜೆಯ ಭಾಗವನ್ನು ಮೊದಲೇ ಓದಿ ಟಿಪ್ಪಣಿ ಮಾಡಿಕೊಳ್ಳಬೇಕಾಗಿತ್ತು. ಆ ಟಿಪ್ಪಣಿಯ ಕ್ರಮವನ್ನೇ ಇಲ್ಲಿ ವಿವರಿಸುತ್ತೇನೆ.

ಮೊದಲು ಗುರುತಿಸಬೇಕಾದದ್ದು ವರ್ತಮಾನದ ಎಳೆಯನ್ನು. ನೆನಪುಗಳನ್ನೆಲ್ಲ ಬದಿಗಿಟ್ಟರೆ ಕಾದಂಬರಿಯಲ್ಲಿ ಉಳಿಯುವ ಹೊರಗಿನ ಕಾಲ ಬಹಳ ಸರಳವಾದದ್ದು: ಯುದ್ಧದ ಸಿದ್ಧತೆ, ಯುದ್ಧ, ಅದರ ನಂತರದ ಹಾಳು. ಇದು ಹಿಂದಕ್ಕೆ ಹೋಗುವುದೇ ಇಲ್ಲ, ಮುಂದಕ್ಕೇ ಸಾಗುತ್ತದೆ. ಆದುದರಿಂದ ನೋಟುಪುಸ್ತಕದ ಎಡಬದಿಯಲ್ಲಿ ನಾನು ಒಂದೇ ಸಂಗತಿಯನ್ನು ಬರೆಯುತ್ತಿದ್ದೆ: ಈ ಭಾಗದಲ್ಲಿ ಈ ವ್ಯಕ್ತಿ ಈಗ ಎಲ್ಲಿದ್ದಾನೆ, ಏನು ಮಾಡುತ್ತಿದ್ದಾನೆ. ಶಲ್ಯ ಮದ್ರದಲ್ಲಿ. ಕುಂತಿ ವಿದುರನ ಮನೆಯಲ್ಲಿ. ಭೀಮ ಘಟೋತ್ಕಚನ ನೆರವು ಬೇಡಲು ಹಿಡಿಂಬವನದ ದಾರಿಯಲ್ಲಿ. ದ್ರೌಪದಿ ಉಪಪ್ಲಾವ್ಯದಲ್ಲಿ. ನೆನಪು ಎಷ್ಟು ದೂರ ಹೋದರೂ ಮರಳಿ ಬಂದು ನಿಲ್ಲುವುದು ಈ ನೆಲೆಗೇ. ಇದು ಗಟ್ಟಿಯಾದರೆ ಅರ್ಧ ಗೊಂದಲ ಕಳೆದಂತೆ.

ಬಲಬದಿಯಲ್ಲಿ ನೆನಪಿನ ಘಟನೆಗಳು. ಅವಕ್ಕೆ ಇಸವಿಗಳಿಲ್ಲ, ಬದಲಿಗೆ ಗೂಟಗಳಿವೆ. ಅರಗಿನ ಮನೆ, ದ್ರೌಪದಿಯ ಮದುವೆ, ಇಂದ್ರಪ್ರಸ್ಥ, ದ್ಯೂತ, ಅಲ್ಲಿಂದ 12 ವರ್ಷ ವನವಾಸ ಮತ್ತು 1 ವರ್ಷ ಅಜ್ಞಾತವಾಸ. ದ್ಯೂತಕ್ಕೂ ವರ್ತಮಾನಕ್ಕೂ ನಡುವಿನ ಈ 13 ವರ್ಷ ಕಾದಂಬರಿಯ ಅತಿ ಉಪಯುಕ್ತ ಅಳತೆಗೋಲು. ನೆನಪಾದ ಪ್ರತಿ ಘಟನೆಯ ಬಗೆಗೂ ಒಂದೇ ಪ್ರಶ್ನೆ ಕೇಳಬೇಕು: ಇದು ಯಾವ ಎರಡು ಗೂಟಗಳ ನಡುವಿನದು? ಅದಕ್ಕಿಂತ ಹೆಚ್ಚಿನ ನಿಖರತೆ ಬೇಕಾಗುವುದು ಅಪರೂಪ.

ವರ್ತಮಾನದಿಂದ ನೆನಪಿಗೆ ಜಾರಿದ್ದನ್ನು ತಿಳಿಯುವುದು ಹೇಗೆ? ಪ್ರಕರಣ ಬದಲಾಗುವುದಿಲ್ಲ, ನಡುವೆ ಗೆರೆಯಿಲ್ಲ. ಒಂದೇ ಪ್ಯಾರಾದೊಳಗೆ ದಶಕಗಳು ದಾಟಿಹೋಗುತ್ತವೆ. ಇಲ್ಲಿ ಕನ್ನಡದ ವ್ಯಾಕರಣವೇ ನೆರವಿಗೆ ಬರುತ್ತದೆ. ಒಂದು ‘ತಾನು’ ಎಂಬ ಸರ್ವನಾಮ: ಅದು ಯಾರ ತಲೆಯೊಳಗೆ ನಾವಿದ್ದೇವೆ ಎಂಬುದನ್ನು ಸೂಚಿಸುತ್ತದೆ. ಇನ್ನೊಂದು ಸಂಬಂಧವಾಚಕ: ಒಬ್ಬಳೇ ಕುಂತಿ ಭೀಮನಿಗೆ ತಾಯಿ, ದ್ರೌಪದಿಗೆ ಅತ್ತೆ, ಕೃಷ್ಣನಿಗೆ ಸೋದರತ್ತೆ. ಮಾತಿನಲ್ಲಿ ಅವಳನ್ನು ಏನೆಂದು ಕರೆದಿದೆ ಎಂಬುದರಿಂದ ನೆನೆಯುತ್ತಿರುವವರು ಯಾರೆಂದು ಹೇಳಬಹುದು. ಹೆಸರುಗಳ ವಿಷಯದಲ್ಲಿ ಮಾತ್ರ ಎಚ್ಚರ ಬೇಕು. ದ್ರೌಪದಿಗೆ ಕೃಷ್ಣೆ ಎಂಬ ಹೆಸರುಂಟು, ವ್ಯಾಸರು ಕೃಷ್ಣದ್ವೈಪಾಯನರು, ಸಾತ್ಯಕಿಯೇ ಯುಯುಧಾನ, ಕುಂತಿಯೇ ಪೃಥೆ. ನೋಟುಪುಸ್ತಕದ ಮೊದಲ ಪುಟದಲ್ಲಿ ಈ ಹೆಸರುಗಳ ಜೋಡಿಗಳನ್ನು ಬರೆದಿಟ್ಟುಕೊಂಡರೆ ಇಲ್ಲದ ಪಾತ್ರಗಳು ಹುಟ್ಟಿಕೊಳ್ಳುವುದಿಲ್ಲ.

ಕುಂತಿಯ ಭಾಗವನ್ನೇ ಉದಾಹರಣೆಯಾಗಿ ನೋಡೋಣ. ಅದರಲ್ಲಿ ಮೂರು ಪದರಗಳಿವೆ. ಮೇಲಿನದು ವರ್ತಮಾನ: ವಿದುರನ ಮನೆ, ಯುದ್ಧ ನಿಶ್ಚಿತವೆಂಬ ಸುದ್ದಿ, ಕರ್ಣನನ್ನು ಕಾಣಬೇಕೆಂಬ ತಳಮಳ. ಅದರ ಕೆಳಗೆ ಮಕ್ಕಳಿಂದ ದೂರವಾಗಿ ಕಳೆದ 13 ವರ್ಷ. ತಳದಲ್ಲಿ ಕುಂತಿಭೋಜನ ಮನೆಯ ಹರೆಯ, ಮದುವೆಗೆ ಮುಂಚೆ ಹುಟ್ಟಿದ ಮಗು, ಪಾಂಡುವಿನೊಡನೆ ಮದುವೆ, ಹಿಮಾಲಯದ ವಾಸ, ಅಲ್ಲಿ ನಿಯೋಗದಿಂದ ಪಡೆದ ಮಕ್ಕಳು, ಪಾಂಡುಮಾದ್ರಿಯರ ಸಾವು, ಹಸ್ತಿನಾವತಿಗೆ ಮರಳಿದುದು. ಅವಳ ನೆನಪು ಈ ಕ್ರಮದಲ್ಲಿ ನಡೆಯುವುದಿಲ್ಲ. ನಾವು ಅದನ್ನು ಈ ಕ್ರಮದಲ್ಲಿ ಇಟ್ಟುಕೊಂಡಾಗ ಚದುರಿದ ಪುಟಗಳಲ್ಲಿ ಕಾಣದಿದ್ದ ಒಂದು ಸಂಗತಿ ಎದ್ದು ಬರುತ್ತದೆ. ಅದು ಕುಂತಿಯ ಮೌನದ ಉದ್ದ.

ಕರ್ಣನು ಅವಳ ಮಕ್ಕಳಲ್ಲಿ ಎಲ್ಲರಿಗಿಂತ ಹಿರಿಯ. ಅರಗಿನ ಮನೆಗೂ ಮುಂಚೆ, ಕುಮಾರರ ಶಸ್ತ್ರವಿದ್ಯೆಯ ಪ್ರದರ್ಶನದಲ್ಲಿ ಸೂತಪುತ್ರನೆಂದು ಅವನ ಅವಮಾನವಾಯಿತು. ಅಲ್ಲಿಂದ ದ್ಯೂತದವರೆಗೆ ಒಂದು ದೊಡ್ಡ ಅವಧಿ, ಅದರ ಮೇಲೆ 13 ವರ್ಷ. ಆ ಕೊನೆಯ 13 ವರ್ಷ ಅವಳು ಇದ್ದದ್ದು ಹಸ್ತಿನಾವತಿಯಲ್ಲಿಯೇ, ದುರ್ಯೋಧನನ ಆಪ್ತನಾಗಿ ಕರ್ಣನು ಓಡಾಡುತ್ತಿದ್ದ ಊರಿನಲ್ಲಿಯೇ. ಬಾಯಿ ಬಿಡುವುದು ಯುದ್ಧದ ಹೊಸ್ತಿಲಲ್ಲಿ. ಅವಳು ಹೋದದ್ದು ತಾಯಿಯ ಕರುಳಿನಿಂದಲೋ, ಇತರ ಮಕ್ಕಳನ್ನು ಉಳಿಸಿಕೊಳ್ಳುವ ಲೆಕ್ಕದಿಂದಲೋ? ಕಾಲಪಟ್ಟಿಯಿಲ್ಲದೆ ಓದಿದವನು ಆ ಭಾಗದ ಆರ್ದ್ರತೆಗೆ ಕರಗಿ ಮೊದಲ ಉತ್ತರವನ್ನೇ ಒಪ್ಪುತ್ತಾನೆ. ಪಟ್ಟಿ ಮುಂದಿದ್ದಾಗ ಎರಡನೆಯದನ್ನೂ ಎದುರಿಸಬೇಕಾಗುತ್ತದೆ. ನಮ್ಮ ಉಪಾಧ್ಯಾಯಿನಿ ಇದನ್ನು ಕೇಳಿ ಬಹಳ ಹೊತ್ತು ಸುಮ್ಮನಿದ್ದು, “ಒಂದೇ ಊರಲ್ಲಿ ಹದಿಮೂರು ವರ್ಷ ಅಂದಿರಲ್ಲ, ಅದನ್ನ ಇನ್ನೊಂದು ಸಲ ಹೇಳಿ” ಎಂದರು.

ಇಲ್ಲಿಂದ ಮೂರನೆಯ ಕಲಮು ಅಗತ್ಯವಾಯಿತು: ಯಾರಿಗೆ ಯಾವಾಗ ತಿಳಿಯಿತು. ಇಂತಹ ಕಾದಂಬರಿಯಲ್ಲಿ ಘಟನೆ ನಡೆದ ಕಾಲ ಒಂದು, ಅದು ಓದುಗನಿಗೆ ತಿಳಿಯುವ ಪುಟ ಇನ್ನೊಂದು, ಪಾತ್ರಗಳಿಗೆ ತಿಳಿಯುವ ಕಾಲ ಮತ್ತೊಂದು. ಕರ್ಣನ ಜನನ ನಮಗೆ ಬೇಗನೆ ತಿಳಿದುಬಿಡುತ್ತದೆ. ಭೀಮಾರ್ಜುನರಿಗೆ ತಿಳಿಯದು. ಆದುದರಿಂದ ಅವರು ಕರ್ಣನನ್ನು ದ್ವೇಷದಿಂದ ನೆನೆಯುವಾಗ ನಮ್ಮ ತಿಳಿವಳಿಕೆಯನ್ನು ಅವರ ತಲೆಗೆ ಹಾಕಬಾರದು. ನಿಯೋಗದ ವಿಷಯವೂ ಹೀಗೆಯೇ. ಕುಂತಿಗೆ ಅದು ತನ್ನ ದೇಹ ಬಲ್ಲ ನೆನಪು. ಹಿಮಾಲಯದ ದೇವಜನರ ನಡುವೆ, ಗಂಡನ ಒಪ್ಪಿಗೆಯಿಂದ ನಡೆದ ಸಂಗತಿ. ದುರ್ಯೋಧನನಿಗೆ ಅದು ಪಾಂಡವರು ಕುರುವಂಶದವರೇ ಅಲ್ಲವೆನ್ನಲು ದೊರೆತ ವಾದ. ಭೀಷ್ಮನಿಗೆ ಅದು ವ್ಯಾಸರ ಆಶ್ರಮಕ್ಕೆ ಹೋಗಿ ಕೇಳಬೇಕಾದ ಧರ್ಮಜಿಜ್ಞಾಸೆ. ಘಟನೆ ಒಂದೇ, ಪಟ್ಟಿಯಲ್ಲಿ ಅದಕ್ಕೆ ಒಂದೇ ಸಾಲು. ಆ ಸಾಲಿನ ಎದುರು ಮೂವರ ಹೆಸರು, ಮೂರು ಬೇರೆ ಪುಟಗಳು. ಮೂರು ಬಾರಿ ಬಂದುದನ್ನು ಮೂರು ಘಟನೆಗಳೆಂದು ಎಣಿಸುವುದೇ ಈ ಓದಿನಲ್ಲಿ ಸಾಮಾನ್ಯವಾಗಿ ಆಗುವ ಎಡವಟ್ಟು.

ಇನ್ನೊಂದು ಅಪಾಯ ನಮ್ಮ ಪೂರ್ವಪರಿಚಯದಿಂದಲೇ ಬರುವಂಥದು. ಭಾರತ ಬಲ್ಲವನು ಕಾದಂಬರಿಯ ಖಾಲಿಜಾಗಗಳನ್ನು ತನಗೆ ಗೊತ್ತಿರುವ ಕಥೆಯಿಂದ ತುಂಬುತ್ತಾನೆ. ಅಕ್ಷಯವಸ್ತ್ರದ ಪವಾಡ ‘ಪರ್ವ’ದಲ್ಲಿಲ್ಲ, ವರ, ಶಾಪ, ದಿವ್ಯಾಸ್ತ್ರಗಳು ಅಲ್ಲಿ ಕೆಲಸ ಮಾಡುವುದಿಲ್ಲ. ಆದುದರಿಂದ ಗೂಟಗಳನ್ನು ಭಾರತದಿಂದ ಪಡೆಯಬಹುದು, ಗೂಟಗಳ ನಡುವಣ ವಿವರವನ್ನು ಕಾದಂಬರಿಯಿಂದ ಮಾತ್ರ. ಬರೆದುಕೊಂಡ ಸಾಲಿಗೆ ಪುಟಸಂಖ್ಯೆ ಕೊಡಲಾಗದಿದ್ದರೆ ಅದು ಕುಮಾರವ್ಯಾಸನಿಂದಲೋ ಅಜ್ಜಿಯ ಕಥೆಯಿಂದಲೋ ಬಂದುದು ಎಂದು ತಿಳಿಯಬೇಕು.

ಪಟ್ಟಿಗೂ ಒಂದು ಮಿತಿಯಿದೆ. ಕೆಲವು ನೆನಪುಗಳು ಯಾವ ಗೂಟಕ್ಕೂ ಕಟ್ಟುಬೀಳುವುದಿಲ್ಲ: ಒಂದು ಬಿಸಿಲು, ಒಂದು ವಾಸನೆ, ಗಂಡನೊಬ್ಬನ ಬೆನ್ನು. ಅವುಗಳ ಎದುರು ನಾನು ಪ್ರಶ್ನಾರ್ಥಕ ಹಾಕಿ ಬಿಟ್ಟುಬಿಡುತ್ತಿದ್ದೆ. ಬಲವಂತದಿಂದ ಅವನ್ನು ಒಂದು ವರ್ಷಕ್ಕೆ ಕಟ್ಟಿದರೆ ಪಟ್ಟಿ ಪೂರ್ಣವಾಗುತ್ತದೆ, ಪಾತ್ರ ಸುಳ್ಳಾಗುತ್ತದೆ. ಯುದ್ಧ ಆರಂಭವಾದ ಮೇಲೆ ಭೀಷ್ಮ, ದ್ರೋಣ, ಕರ್ಣ, ಶಲ್ಯ ಎಂಬ ಸೇನಾಪತಿಗಳ ಸರದಿಯೇ ಹೊಸ ಗೂಟಗಳಾಗುತ್ತವೆ. ಆ ಸರದಿಯ ಕೊನೆಯ ಹೆಸರನ್ನು ಬರೆಯುವಾಗ ಕೈ ಒಂದು ಕ್ಷಣ ತಡೆಯುತ್ತದೆ. ಕಾದಂಬರಿ ಆರಂಭವಾದದ್ದು ಅವನ ಅರಮನೆಯಲ್ಲಿಯೇ, ಯಾವ ಪಕ್ಷವನ್ನು ಸೇರಬೇಕೆಂಬ ಪ್ರಶ್ನೆಯ ಎದುರಿನಲ್ಲಿ.